ತಿಂಡಿ ತಿಂದು ಬನ್ನಿ ಅಂತ ಸೇರಿಸಿ, ಚಿಕ್ಕಪ್ಪ

ಚಿಕ್ಕಪ್ಪ: ಎಲ್ಲರೂ ಒಮ್ಮೆ ಓದಿ. ಬಡಾವಣೆ ಗುಂಪಿಗೂ ಭಜನಾ ಮಂಡಳಿ ಗುಂಪಿಗೂ ಇವತ್ತೇ ಕಳಿಸುತ್ತೇನೆ.
"ರಕ್ತದಾನ ಮಹಾದಾನ! ಬರುವ ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ರಕ್ತದಾನ ಶಿಬಿರ. ಎಲ್ಲರೂ ಬನ್ನಿ. ವಿವರಕ್ಕೆ ಈ ನಂಬರಿಗೆ ಕರೆ ಮಾಡಿ."

ಅತ್ತಿಗೆ: ಚೆನ್ನಾಗಿದೆ ಮಾವ 🙏

ನಾನು: ಚಿಕ್ಕಪ್ಪ, ತಪ್ಪು ತಿಳಿಯಬೇಡಿ, ಬ್ಲಡ್ ಬ್ಯಾಂಕಲ್ಲಿ ಕೆಲಸ ಮಾಡುವವಳು ಅಂತ ಹೇಳುತ್ತಿದ್ದೇನೆ. 'ಬರುವ ಭಾನುವಾರ' ಬೇಡ. ಈ ಸಂದೇಶ ಮುಂದಿನ ತಿಂಗಳೂ ಯಾರದ್ದೋ ಗುಂಪಲ್ಲಿ ಓಡಾಡುತ್ತದೆ. ತಾರೀಖು, ಇಸವಿ ಎರಡೂ ಇರಲಿ. 'ಈ ನಂಬರಿಗೆ' ಅಂದರೆ ಫಾರ್ವರ್ಡ್ ಮಾಡಿದವರಿಗೇ ಫೋನ್ ಹೋಗುತ್ತದೆ.

ಚಿಕ್ಕಪ್ಪ: ಅದು ಸರಿ ಪುಟ್ಟಿ. ಹಾಕುತ್ತೇನೆ.

ನಾನು: ಇನ್ನೊಂದು ಸಾಲು. 'ತಿಂಡಿ ತಿಂದು ಬನ್ನಿ'.

ಚಿಕ್ಕಪ್ಪ: ಅದೆಲ್ಲ ಯಾಕಮ್ಮ? ಕರೆಯೋಲೆಯಲ್ಲಿ ನಿಯಮ ಬರೆದರೆ ಜನ ಹೆದರುತ್ತಾರೆ. ಮೊದಲು ಬರಲಿ, ಅಲ್ಲಿ ಡಾಕ್ಟರ್ ಹೇಳುತ್ತಾರೆ.

ನಾನು: ಬಂದ ಮೇಲೆ ಹೇಳಿದರೆ ತಡ ಆಯಿತು, ಚಿಕ್ಕಪ್ಪ. ಹೋದ ಸಲ ಒಂದು ಶಿಬಿರದಲ್ಲಿ ಒಬ್ಬ ಹುಡುಗ ಎಂಟೂವರೆಗೇ ಬಂದು ಕೂತಿದ್ದ. ನೀರು ಕೂಡ ಕುಡಿದಿರಲಿಲ್ಲ. "ರಕ್ತ ಕೊಡೋದಲ್ವಾ, ಶುಗರ್ ಟೆಸ್ಟಿಗೆ ಹೋಗುವ ಹಾಗೆ ಖಾಲಿ ಹೊಟ್ಟೇಲಿ ಬಂದೆ" ಅಂದ. ಹಾಗೆ ಕೊಟ್ಟರೆ ತಲೆ ಸುತ್ತುತ್ತದೆ, ಅದಕ್ಕೆ ನಾವು ತೆಗೆದುಕೊಳ್ಳುವುದಿಲ್ಲ. ತಿಂದು ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅಂದೆವು. ಹತ್ತಕ್ಕೆ ಅವನ ಬಸ್ಸು. ಹೋಗಿಬಿಟ್ಟ. ಕೊಡುವ ಮನಸ್ಸು ಪೂರ್ತಿ ಇತ್ತು, ಹೇಳುವವರು ಇರಲಿಲ್ಲ ಅಷ್ಟೇ.

ಅತ್ತಿಗೆ: ನನ್ನನ್ನೂ ಒಂದು ಸಲ ವಾಪಸ್ ಕಳಿಸಿದ್ದರು. ಯಾರಿಗೂ ಹೇಳಿರಲಿಲ್ಲ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಟ್ಟರು. ಅದು ಮುಳುಗಲಿಲ್ಲ. ಪಕ್ಕದ ಹೆಂಗಸಿನದ್ದು ಸರ್ರನೆ ಕೆಳಗೆ ಹೋಯಿತು. ನನಗೆ ಅವಮಾನ ಆದ ಹಾಗಾಯಿತು. ಮತ್ತೆ ಹೋಗಲೇ ಇಲ್ಲ.

ನಾನು: ಅಯ್ಯೋ ಅತ್ತಿಗೆ, ಅದರಲ್ಲಿ ಅವಮಾನ ಏನಿದೆ? ಆ ನೀಲಿ ನೀರು ಕಾಪರ್ ಸಲ್ಫೇಟ್. ಹಿಮೋಗ್ಲೋಬಿನ್ 12.5 ಇದ್ದರೆ ಹನಿ ಭಾರವಾಗಿ 15 ಸೆಕೆಂಡಿನೊಳಗೆ ಮುಳುಗುತ್ತದೆ. ಕಡಿಮೆ ಇದ್ದರೆ ತೇಲುತ್ತದೆ, ಇಲ್ಲ ಮಧ್ಯದಲ್ಲೇ ನಿಲ್ಲುತ್ತದೆ. ನಿಮ್ಮಿಂದ ತೆಗೆದರೆ ನಿಮಗೇ ಸುಸ್ತು ಜಾಸ್ತಿ ಆಗುತ್ತದೆ ಅಂತ ಬೇಡ ಅಂದಿದ್ದಾರೆ. ಡಾಕ್ಟರಿಗೆ ತೋರಿಸಿ, ಕಬ್ಬಿಣದ ಮಾತ್ರೆ ಬೇಕಾದರೆ ಕೊಡುತ್ತಾರೆ. ಎಷ್ಟೋ ಹೆಂಗಸರಿಗೆ ರಕ್ತ ಕಡಿಮೆ ಅಂತ ಮೊದಲು ಗೊತ್ತಾಗುವುದೇ ಆ ಟೇಬಲ್ ಹತ್ತಿರ.

ಚಿಕ್ಕಪ್ಪ: ಹಾಗಾದರೆ 12.5 ಅಂತಲೂ ಬರೆಯಬೇಕಾ?

ನಾನು: ಬೇಡ. ಅದು ಮನೇಲಿ ಕೂತು ಯಾರಿಗೂ ಗೊತ್ತಾಗುವುದಿಲ್ಲ, ಅಲ್ಲೇ ನೋಡುತ್ತಾರೆ. ಮನೆ ಬಿಡುವ ಮುಂಚೆ ಸರಿ ಮಾಡಿಕೊಳ್ಳಬಹುದಾದ್ದು ಮಾತ್ರ ಬರೆಯೋಣ. ತಿಂಡಿ, ರಾತ್ರಿ ನಿದ್ದೆ. ಮಿಕ್ಕಿದ್ದು ಫೋನಿನಲ್ಲಿ ಕೇಳಲಿ.

ತಮ್ಮ: ಅಕ್ಕ, ನಾನು ಹೋದ ತಿಂಗಳು ಟ್ಯಾಟೂ ಹಾಕಿಸಿಕೊಂಡೆ. ಬರಬಹುದಾ?

ನಾನು: ಹಾಕಿಸಿಕೊಂಡು ಒಂದು ವರ್ಷ ಆಗಬೇಕು ಕಣೋ. ನೀನು ಬಂದು ಜ್ಯೂಸ್ ಕೊಡು. ರಕ್ತ ಕೊಟ್ಟವರು ತಕ್ಷಣ ಎದ್ದು ಓಡದ ಹಾಗೆ ನೋಡಿಕೋ. ಬೀಳುವುದು ಜಾಸ್ತಿ ಎದ್ದ ಮೇಲೇ.

ಚಿಕ್ಕಪ್ಪ: ಆದರೂ ಉದ್ದ ಆಗಬಾರದು ಪುಟ್ಟಿ. ನಮ್ಮ ಭಜನಾ ಮಂಡಳಿಯವರು ಐದು ಸಾಲು ದಾಟಿದರೆ ಓದುವುದಿಲ್ಲ. ನೀನೇ ಬರೆದು ಹಾಕು, ನೋಡೋಣ.

ನಾನು: ಇಗೋ ಚಿಕ್ಕಪ್ಪ.

"ನಮಸ್ಕಾರ. ನಮ್ಮ ಬಡಾವಣೆಯಲ್ಲಿ ರಕ್ತದಾನ ಶಿಬಿರ ಇಟ್ಟುಕೊಂಡಿದ್ದೇವೆ, ದಯವಿಟ್ಟು ಬನ್ನಿ.
2026ರ ಜೂನ್ 14, ಭಾನುವಾರ, ಬೆಳಿಗ್ಗೆ 9ರಿಂದ 1ರವರೆಗೆ. ಸಮುದಾಯ ಭವನ, ಸರ್ಕಾರಿ ಶಾಲೆ ಎದುರು.
18 ವರ್ಷ ತುಂಬಿ, ತೂಕ 45 ಕೆ.ಜಿ.ಗಿಂತ ಜಾಸ್ತಿ ಇದ್ದವರು ಬನ್ನಿ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು, ನೀರು ಕುಡಿದು ಬನ್ನಿ. ಖಾಲಿ ಹೊಟ್ಟೆ ಬೇಡ.
ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಈಚೆಗೆ ರಕ್ತ ಕೊಟ್ಟಿದ್ದರೆ ಮೊದಲು ಫೋನ್ ಮಾಡಿ ಕೇಳಿ."

ಕೊನೆಗೆ ನಿಮ್ಮ ಹೆಸರು ನಂಬರ್, ನನ್ನ ಹೆಸರು ನಂಬರ್ ಸೇರಿಸಿ. ಒಬ್ಬರು ಎತ್ತದಿದ್ದರೆ ಇನ್ನೊಬ್ಬರು ಎತ್ತುತ್ತೇವೆ.

ತಮ್ಮ: ಈಚೆಗೆ ಅಂದರೆ ಎಷ್ಟು ದಿನ, ಅಕ್ಕ?

ನಾನು: ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಆಗಿರಬೇಕು.

ಚಿಕ್ಕಪ್ಪ: 'ರಕ್ತದಾನ ಮಹಾದಾನ' ತೆಗೆದುಬಿಟ್ಟೆಯಲ್ಲ.

ನಾನು: ಮೇಲೆ ಹಾಕಿಕೊಳ್ಳಿ ಚಿಕ್ಕಪ್ಪ, ಅದು ನಿಮ್ಮ ಸಾಲು.

ಅತ್ತಿಗೆ: ನಾನೂ ಬರುತ್ತೇನೆ. ಈ ಸಲ ಹನಿ ಮುಳುಗುತ್ತದಾ ನೋಡೋಣ.

ಚಿಕ್ಕಪ್ಪ: ಎರಡೂ ಗುಂಪಿಗೆ ಕಳಿಸಿದೆ. ಅವತ್ತು ನಿಮ್ಮ ಚಿಕ್ಕಮ್ಮನಿಗೆ ಹೇಳಿ ಒಂದು ಪಾತ್ರೆ ಉಪ್ಪಿಟ್ಟು ಮಾಡಿಸಿ ತರುತ್ತೇನೆ. ಓದದೆ ಬಂದವರೂ ಇರುತ್ತಾರಲ್ಲ.