ನಾಲ್ಕು ಜನರ ಸ್ವಾಬ್ ತಗೊಂಡು ಫ್ಲೂ ಬೇಗ ಬಂತು ಅಂತ ಹೇಗೆ ಹೇಳುತ್ತಾರೆ?

ಹೈಸ್ಕೂಲ್ ಮೇಷ್ಟ್ರು, ತೀರ್ಥಹಳ್ಳಿ ತಾಲೂಕು:
ಈ ಸಲ ಜೂನ್ ಮೂರನೇ ವಾರಕ್ಕೇ ನಮ್ಮ ಶಾಲೆಯ ಅರ್ಧ ಮಕ್ಕಳಿಗೆ ಜ್ವರ, ಕೆಮ್ಮು. ನಾನೂ ಮಲಗಿದೆ. ಆಸ್ಪತ್ರೆಯಲ್ಲಿ ನನ್ನ ಮೂಗು, ಗಂಟಲಿಗೆ ಕಡ್ಡಿ ಹಾಕಿ ಸ್ಯಾಂಪಲ್ ತಗೊಂಡರು. ಹಿಂದೆ ನಿಂತವರದ್ದು ತಗೊಳ್ಳಲಿಲ್ಲ. ರಿಪೋರ್ಟ್ ಬರುವಷ್ಟರಲ್ಲಿ ನಾನು ಪಾಠಕ್ಕೆ ವಾಪಸ್ ಹೋಗಿದ್ದೆ. ಹೀಗೆ ನಾಲ್ಕು ಜನರದ್ದು ತಗೊಂಡು ಫ್ಲೂ ಬೇಗ ಬಂದಿದೆ, ಜೋರಾಗಿದೆ ಅಂತ ಹೇಗೆ ಹೇಳುತ್ತಾರೆ?

ಮೈಕ್ರೋಬಯಾಲಜಿಸ್ಟ್, ಶಿವಮೊಗ್ಗ:
ಮೇಷ್ಟ್ರೇ, ಆ ಕಡ್ಡಿ ನಿಮ್ಮ ಔಷಧಿ ತೀರ್ಮಾನಿಸಲು ಹಾಕಿದ್ದಲ್ಲ. ಊರಲ್ಲಿ ಯಾವ ವೈರಸ್ ಓಡಾಡುತ್ತಿದೆ ಅಂತ ನೋಡಲು ಹಾಕಿದ್ದು. ಇದನ್ನು ನಿಮಗೆ ಅಲ್ಲೇ ಹೇಳಬೇಕಿತ್ತು. ಹೇಳದಿದ್ದರೆ ಬೇಜಾರಾಗುವುದು ಸಹಜ.

ಹೀಗೆ ಸ್ವಾಬ್ ತಗೊಳ್ಳುವ ಜಾಗಕ್ಕೆ ಸೆಂಟಿನೆಲ್, ಅಂದರೆ ಕಾವಲು ಕೇಂದ್ರ ಅನ್ನುತ್ತೇವೆ. ಎಲ್ಲ ಆಸ್ಪತ್ರೆಯಲ್ಲೂ ಎಲ್ಲರದ್ದೂ ತಗೊಳ್ಳಲು ಆಗುವುದಿಲ್ಲ. ಹಾಗಾಗಿ ಕೆಲವು ಕಡೆ ಮಾತ್ರ, ಒಂದೇ ನಿಯಮದಲ್ಲಿ, ವರ್ಷವಿಡೀ ತಗೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಸರಳ: ಅಳೆದು ನೋಡಿದ ಜ್ವರ 38 ಡಿಗ್ರಿ ಅಥವಾ ಜಾಸ್ತಿ, ಜೊತೆಗೆ ಕೆಮ್ಮು, ಶುರುವಾಗಿ 10 ದಿನದ ಒಳಗೆ. ನಮ್ಮ ಥರ್ಮಾಮೀಟರ್‌ನಲ್ಲಿ ಅದು 100.4. ಇಂಥವರಲ್ಲಿ ದಿನಕ್ಕೆ ಮೊದಲು ಬಂದ ಇಬ್ಬರದ್ದು ತಗೊಳ್ಳಿ ಅಂತ ನಿಗದಿ ಮಾಡಿರುತ್ತಾರೆ ಅಂದುಕೊಳ್ಳಿ. ಆವತ್ತು ನೀವು ಎರಡನೆಯವರು, ನಿಮ್ಮ ಹಿಂದಿನವರು ಮೂರನೆಯವರು. ಇನ್ನೇನೂ ಇಲ್ಲ. ಡಾಕ್ಟರು "ಇವರಿಗೆ ಜೋರಿದೆ, ಇವರದ್ದು ತಗೊಳ್ಳೋಣ" ಅಂತ ಆರಿಸಲು ಹೊರಟರೆ ಲೆಕ್ಕ ಕೆಡುತ್ತದೆ.

ಲ್ಯಾಬ್‌ನಲ್ಲಿ ಆರ್‌ಟಿ-ಪಿಸಿಆರ್ ಮಾಡುತ್ತೇವೆ. ಮೊದಲು ಫ್ಲೂ ಎ, ಫ್ಲೂ ಬಿ ಅಂತ ಬೇರೆ ಮಾಡುತ್ತೇವೆ. ಎ ಬಂದರೆ ಎಚ್1ಎನ್1 ಅಥವಾ ಎಚ್3ಎನ್2 ಅಂತ ನೋಡುತ್ತೇವೆ. ಆಮೇಲೆ ನಾವು ನೋಡುವುದು ಒಂದೇ ಅಂಕಿ. ಈ ವಾರ ನೂರು ಸ್ವಾಬ್‌ಗೆ ಎಷ್ಟರಲ್ಲಿ ಫ್ಲೂ ಇದೆ?

ಮೆಡಿಕಲ್ ಶಾಪ್, ಸಾಗರ:
ಇಷ್ಟೆಲ್ಲ ಯಾಕೆ ಮೇಡಂ? ಪ್ಯಾರಾಸಿಟಮಾಲ್, ಕೆಮ್ಮಿನ ಸಿರಪ್ ಖರ್ಚಾಗುವುದು ನೋಡಿದರೆ ನಮಗೆ ಲ್ಯಾಬ್‌ಗಿಂತ ಒಂದು ವಾರ ಮೊದಲೇ ಗೊತ್ತಾಗುತ್ತೆ. ಈ ಸಲ ಜೂನ್ ಶುರುವಿಗೇ ಸ್ಟಾಕ್ ಖಾಲಿ. ಫ್ಲೂ ಬೇಗ ಬಂದಿದೆ, ಅಷ್ಟೇ.

ಮೈಕ್ರೋಬಯಾಲಜಿಸ್ಟ್, ಶಿವಮೊಗ್ಗ:
ನಿಮ್ಮ ಮಾತಿನ ಮೊದಲರ್ಧ ಪೂರ್ತಿ ಸರಿ. ಜನ ಮೊದಲು ನಿಮ್ಮ ಅಂಗಡಿಗೆ ಬರುತ್ತಾರೆ, ಆಮೇಲೆ ಆಸ್ಪತ್ರೆಗೆ. ನಿಮ್ಮ ಲೆಕ್ಕ ನಮಗಿಂತ ಬೇಗ ಏರುತ್ತದೆ. ಆದರೆ ಯಾವ ಕಾಯಿಲೆ ಅಂತ ಅದು ಹೇಳುವುದಿಲ್ಲ. ಮಳೆ ಹಿಡಿದಾಗ ಮಕ್ಕಳಲ್ಲಿ ಆರ್‌ಎಸ್‌ವಿ, ಸಾದಾ ನೆಗಡಿ ವೈರಸ್, ಕೋವಿಡ್ ಎಲ್ಲ ಬರಬಹುದು. ಡೆಂಗಿಗೂ ಪ್ಯಾರಾಸಿಟಮಾಲೇ ಖರ್ಚಾಗುತ್ತದೆ ಅಲ್ವಾ?

ಜ್ವರದವರ ಸಂಖ್ಯೆ ನಮ್ಮನ್ನು ಹೇಗೆ ದಾರಿ ತಪ್ಪಿಸುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಅಂಕಿಗಳು ಅರ್ಥವಾಗಲಿ ಅಂತ ನಾನೇ ಇಟ್ಟುಕೊಂಡವು. ಐದು ಕೇಂದ್ರ, ಪ್ರತಿ ಕೇಂದ್ರದಿಂದ ವಾರಕ್ಕೆ 10 ಸ್ವಾಬ್, ಒಟ್ಟು 50.

ಮೊದಲ ವಾರ 50ರಲ್ಲಿ 4 ಪಾಸಿಟಿವ್, ಶೇಕಡ 8. ಎರಡನೇ ವಾರ 5, ಶೇಕಡ 10. ಇದು ಸುಮ್ನೆ ಏರಿಳಿತವೂ ಆಗಿರಬಹುದು. ಮೂರನೇ ವಾರ 11, ಶೇಕಡ 22. ಈಗ ಎದ್ದು ಕೂರಬೇಕು.

ನಾಲ್ಕನೇ ವಾರ ಮಳೆ ಹೊಡೆಯಿತು. ಶಾಲೆಗೆ ರಜೆ ಕೊಟ್ಟರು, ಬಸ್ ನಿಂತಿತು, ಜನ ಆಸ್ಪತ್ರೆಗೆ ಬರಲಿಲ್ಲ. ಸಿಕ್ಕಿದ್ದು 30 ಸ್ವಾಬ್, ಅದರಲ್ಲಿ 9 ಪಾಸಿಟಿವ್. ಹನ್ನೊಂದು ಇದ್ದದ್ದು ಒಂಬತ್ತಾಯಿತು, ಫ್ಲೂ ಇಳಿಯಿತು ಅಂತ ಯಾರಾದರೂ ಹೇಳಬಹುದು. ಆದರೆ 30ರಲ್ಲಿ 9 ಅಂದರೆ ಶೇಕಡ 30. ಫ್ಲೂ ಏರಿದೆ. ಇಳಿದದ್ದು ಆಸ್ಪತ್ರೆಗೆ ಬಂದವರು ಮಾತ್ರ.

ಐದನೇ ವಾರ ಪೇಪರ್‌ನಲ್ಲಿ ಸುದ್ದಿ ಬಂತು. ಮೂಗು ಸೋರಿದವರೆಲ್ಲ ಬಂದರು. ಕೇಂದ್ರದವರು ಗಾಬರಿಯಲ್ಲಿ ನಿಯಮ ಸಡಿಲ ಮಾಡಿ 100 ಸ್ವಾಬ್ ಕಳಿಸಿದರು. 20 ಪಾಸಿಟಿವ್. ಈಗ ಎರಡು ಸುದ್ದಿ ಒಟ್ಟಿಗೆ ಹುಟ್ಟುತ್ತವೆ. "ಫ್ಲೂ ಎರಡು ಪಟ್ಟು ಆಯಿತು" ಅಂತ ಒಬ್ಬರು. "ಶೇಕಡ 30 ಇದ್ದದ್ದು 20ಕ್ಕೆ ಇಳಿಯಿತು" ಅಂತ ಇನ್ನೊಬ್ಬರು. ಎರಡೂ ತಪ್ಪು. ನಾನಾದರೆ ಸ್ವಾಬ್ ಜೊತೆ ಬಂದ ಫಾರಂ ತೆಗೆದು ನೋಡುತ್ತೇನೆ. ನೂರರಲ್ಲಿ ಅಳೆದ ಜ್ವರ ಮತ್ತು ಕೆಮ್ಮು ಎರಡೂ ಇದ್ದವರು 48 ಜನ, ಅವರಲ್ಲಿ ಪಾಸಿಟಿವ್ 18 ಅಂತ ಇಟ್ಟುಕೊಳ್ಳಿ. ಉಳಿದ 52ರಲ್ಲಿ ಎರಡೇ. 48ರಲ್ಲಿ 18 ಅಂದರೆ ಶೇಕಡ 37ಕ್ಕಿಂತ ಜಾಸ್ತಿ. ಅಂದರೆ ಫ್ಲೂ ಇನ್ನೂ ಏರುತ್ತಲೇ ಇದೆ. ಫಾರಂನಲ್ಲಿ ಜ್ವರದ ಡಿಗ್ರಿ, ಶುರುವಾದ ದಿನ ಬರೆಯದೇ ಕಳಿಸಿದರೆ ಇದನ್ನು ಹೀಗೆ ಬಿಡಿಸಲು ಆಗುವುದೇ ಇಲ್ಲ.

ಲ್ಯಾಬ್ ಟೆಕ್ನಿಷಿಯನ್, ಹೊಸನಗರ ತಾಲೂಕು:
ಮೇಡಂ, ನೀವು ಹೇಳಿದ ನಿಯಮ ಒಪ್ಪುತ್ತೇನೆ. ಆದರೆ ಇಲ್ಲಿ ಅದು ನಡೆಯುವ ರೀತಿ ಬೇರೆ. ಸೋಮವಾರ ಒಪಿಡಿ ತುಂಬಿರುತ್ತೆ. ಬೆಳಿಗ್ಗೆ ಮೊದಲು ಬರುವವರು ಆಸ್ಪತ್ರೆ ಹತ್ತಿರದ ಮನೆಯವರು. ಕಾಡಿನ ಒಳಗಿನವರು ಒಂದೇ ಬಸ್ ಹಿಡಿದು ಹನ್ನೊಂದಕ್ಕೆ ಬರುತ್ತಾರೆ, ಅಷ್ಟರಲ್ಲಿ ನಮ್ಮ ಇಬ್ಬರು ಆಗಿರುತ್ತಾರೆ. ಹಾಗಾದರೆ ನಾವು ವರ್ಷವಿಡೀ ಪೇಟೆಯವರದ್ದೇ ತಗೊಂಡಂತಾಯಿತು. ಇನ್ನು ಲ್ಯಾಬ್‌ಗೆ ಸ್ವಾಬ್ ಕಳಿಸುವ ಬಾಕ್ಸ್. ಜುಲೈನಲ್ಲಿ ಒಂದು ಮರ ಬಿದ್ದರೆ ರಸ್ತೆ ಬಂದ್. ಒಮ್ಮೆ ನಾನು ಸ್ವಾಬ್ ಕೆಡಬಾರದು ಅಂತ ಫ್ರಿಜ್‌ನ ಮೇಲಿನ ಫ್ರೀಜರ್‌ನಲ್ಲಿ ಇಟ್ಟಿದ್ದೆ. ಅದು ಸರಿಯಾ?

ಮೈಕ್ರೋಬಯಾಲಜಿಸ್ಟ್, ಶಿವಮೊಗ್ಗ:
ಫ್ರೀಜರ್ ಬೇಡ. ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಆ ಮೈನಸ್ 20ರ ಚಳಿಗೆ ವೈರಸ್ ಸಾಯುತ್ತದೆ. ಕರೆಂಟ್ ಹೋಗಿ ಕರಗಿ ಮತ್ತೆ ಗಟ್ಟಿಯಾದರಂತೂ ಮುಗಿಯಿತು. ಪಿಸಿಆರ್‌ಗೆ ಸ್ವಲ್ಪ ಸಿಗಬಹುದು, ಆದರೆ ಮುಂದೆ ವೈರಸ್ ಬೆಳೆಸಿ ನೋಡಲು ಬರುವುದಿಲ್ಲ. ಸ್ವಾಬ್ ಮುಳುಗಿಸಿಟ್ಟ ದ್ರವದ ವಿಟಿಎಂ ಟ್ಯೂಬನ್ನು ಕೆಳಗಿನ ಖಾನೆಯಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಿ. ಐಸ್ ಪ್ಯಾಕ್ ಹಾಕಿದ ಬಾಕ್ಸ್‌ನಲ್ಲಿ ಮೂರು ದಿನದೊಳಗೆ ಮುಟ್ಟಿದರೆ ಚೆನ್ನ.

ಸ್ವಾಬ್ ಸರಿಯಾಗಿ ತಗೊಂಡಿದ್ದಾರಾ ಅಂತಲೂ ನಮಗೆ ಗೊತ್ತಾಗುತ್ತದೆ. ಪಿಸಿಆರ್‌ನಲ್ಲಿ ವೈರಸ್ ಜೊತೆಗೆ ಆರ್‌ನೇಸ್ ಪಿ ಅಂತ ಮನುಷ್ಯರದ್ದೇ ಒಂದು ಜೀನ್ ಕೂಡ ಹುಡುಕುತ್ತೇವೆ. ಅದೂ ಬರಲಿಲ್ಲ ಅಂದರೆ ಕಡ್ಡಿ ಮೂಗಿನ ಒಳಗೆ ಸರಿಯಾಗಿ ತಾಗಿಲ್ಲ, ಅಥವಾ ನಮ್ಮ ಕಡೆ ಪರೀಕ್ಷೆಯಲ್ಲಿ ಏನೋ ಕೆಟ್ಟಿದೆ. ಅದನ್ನು ನೆಗೆಟಿವ್ ಅಂತ ಬರೆಯಬಾರದು, ಮತ್ತೆ ಮಾಡಬೇಕು. ಒಂದು ಕೇಂದ್ರದಿಂದ ಸತತವಾಗಿ ಹೀಗೆ ಬರುತ್ತಿದ್ದರೆ ಅಲ್ಲಿಗೆ ಫೋನ್ ಮಾಡುತ್ತೇವೆ.

ಪೇಟೆಯವರದ್ದೇ ತಗೊಂಡಂತಾಯಿತು ಅನ್ನುವ ನಿಮ್ಮ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ವಾರದಲ್ಲಿ ಎರಡು ದಿನ ಹನ್ನೊಂದರ ನಂತರದ ಇಬ್ಬರು ಅಂತ ಮಾಡಬಹುದು. ಆದರೆ ಹಾಗೆ ಮಾಡಿದ ದಿನದಿಂದ ಹಳೆಯ ವರ್ಷಗಳ ಜೊತೆ ಹೋಲಿಸುವುದು ಕಷ್ಟವಾಗುತ್ತದೆ.

ಅಡಿಕೆ ಬೆಳೆಗಾರ, ಕೊಪ್ಪ:
ನಮ್ಮ ಅಮ್ಮನಿಗೆ 72. ಶುಗರ್ ಇದೆ. ಜ್ವರ ಬಂದು ಎಂಟನೇ ದಿನ ಉಬ್ಬಸ ಆಗಿ ಅಡ್ಮಿಟ್ ಮಾಡಿದೆವು. ಸ್ವಾಬ್ ತಗೊಂಡರು, ಫ್ಲೂ ನೆಗೆಟಿವ್ ಬಂತು. ಹಾಗಾದರೆ ಅದು ಫ್ಲೂ ಅಲ್ಲ ತಾನೇ? ಮನೆಯಲ್ಲಿ ಎಲ್ಲರಿಗೂ ಬಂದಿತ್ತು.

ಮೈಕ್ರೋಬಯಾಲಜಿಸ್ಟ್, ಶಿವಮೊಗ್ಗ:
ಅಲ್ಲ ಅಂತ ಹೇಳಲು ಬರುವುದಿಲ್ಲ ಸರ್. ದೊಡ್ಡವರ ಮೂಗು, ಗಂಟಲಲ್ಲಿ ಮೊದಲ ಮೂರು ನಾಲ್ಕು ದಿನ ವೈರಸ್ ಜಾಸ್ತಿ. ಎಂಟನೇ ದಿನಕ್ಕೆ ಅಲ್ಲಿ ಕಡಿಮೆಯಾಗಿ, ಎದೆಯಲ್ಲಿ ತೊಂದರೆ ಉಳಿದಿರಬಹುದು. ಫ್ಲೂ ಹೋದ ಮೇಲೆ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಆಗುವುದೂ ಉಂಟು. ಅಮ್ಮನಂಥವರಿಗೆ ಇನ್ನೊಮ್ಮೆ ಹೀಗಾದರೆ ಎಂಟು ದಿನ ಕಾಯಬೇಡಿ, ಮೊದಲೆರಡು ದಿನದಲ್ಲೇ ಡಾಕ್ಟರಿಗೆ ತೋರಿಸಿ. ಒಸೆಲ್ಟಾಮಿವಿರ್ ಮಾತ್ರೆ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ಅದಕ್ಕೆ ಲ್ಯಾಬ್ ರಿಪೋರ್ಟ್ ಬರಲಿ ಅಂತ ಕಾಯಬೇಕಿಲ್ಲ.

ಇದೇ ಮೇಷ್ಟ್ರ ಎರಡನೇ ಪ್ರಶ್ನೆಗೂ ಸಂಬಂಧಪಟ್ಟಿದ್ದು. ಫ್ಲೂ ಜೋರಾಗಿದೆಯಾ ಅಂತ ಒಪಿಡಿಯ ಸ್ವಾಬ್ ಹೇಳುವುದಿಲ್ಲ. ಅದನ್ನು ಅಡ್ಮಿಟ್ ಆದವರಲ್ಲಿ ನೋಡಬೇಕು. ಇದೇ ಜ್ವರ, ಕೆಮ್ಮಿಗೆ ಅಡ್ಮಿಟ್ ಆದವರನ್ನು ಸಾರಿ ಕೇಸ್ ಅನ್ನುತ್ತೇವೆ. ಅವರಲ್ಲಿ ಎಷ್ಟು ಜನರಿಗೆ ಫ್ಲೂ ಇದೆ, ಅವರಲ್ಲಿ ಎಷ್ಟು ಜನ ಐಸಿಯುಗೆ ಹೋದರು, ವಯಸ್ಸು ಎಷ್ಟು ಅಂತ ನೋಡುತ್ತೇವೆ. ಎಚ್3ಎನ್2 ಬಂದ ವರ್ಷ ವಯಸ್ಸಾದವರಿಗೆ ಕಷ್ಟ ಜಾಸ್ತಿ. 2009ರಲ್ಲಿ ಬಂದ ಎಚ್1ಎನ್1 ನಡುವಯಸ್ಸಿನವರನ್ನೂ ಬಿಡಲಿಲ್ಲ. ಆದರೆ ಐಸಿಯು, ಸಾವಿನ ಲೆಕ್ಕ ಒಪಿಡಿಗಿಂತ ಎರಡು ಮೂರು ವಾರ ಹಿಂದೆ ಇರುತ್ತದೆ. ಹಾಗಾಗಿ ಜೂನ್‌ನಲ್ಲಿ "ಬೇಗ ಬಂದಿದೆ" ಅನ್ನಬಹುದು, "ಜೋರಾಗಿದೆ" ಅನ್ನಲು ಆಗುವುದಿಲ್ಲ.

ಹೈಸ್ಕೂಲ್ ಮೇಷ್ಟ್ರು:
ಬೇಗ ಅಂದರೆ ಯಾವುದಕ್ಕಿಂತ ಬೇಗ ಮೇಡಂ?

ಮೈಕ್ರೋಬಯಾಲಜಿಸ್ಟ್, ಶಿವಮೊಗ್ಗ:
ಅದೇ ಜಾಗದ ಹಿಂದಿನ ವರ್ಷಗಳಿಗಿಂತ. ಕರ್ನಾಟಕದಲ್ಲಿ ಫ್ಲೂ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್, ಮತ್ತೆ ಮಳೆಗಾಲದಲ್ಲಿ. 2023ರ ಮಾರ್ಚ್‌ನಲ್ಲಿ ಹಾಸನದ ಎಚ್3ಎನ್2 ಸಾವು ಸುದ್ದಿಯಾಯಿತಲ್ಲ, ಅದು ಮೊದಲನೆಯ ಏರಿಕೆಯದ್ದು. ಹಿಂದಿನ ಐದಾರು ವರ್ಷದಲ್ಲಿ ಫ್ಲೂ ಏಳುವ ಮೊದಲಿನ ತಣ್ಣಗಿನ ವಾರಗಳಲ್ಲಿ ಶೇಕಡಾವಾರು ಎಷ್ಟರವರೆಗೆ ಹೋಗುತ್ತಿತ್ತು ಅಂತ ನೋಡಿ ಒಂದು ಗೆರೆ ಹಾಕುತ್ತೇವೆ. ಒಂದು ವಾರ ದಾಟಿದರೆ ಗಮನಿಸುತ್ತೇವೆ. ಸತತ ಎರಡು ವಾರ ದಾಟಿದರೆ ಸೀಸನ್ ಶುರು. ಪ್ರತಿ ವರ್ಷ ಜುಲೈ ನಡುವೆ ದಾಟುತ್ತಿದ್ದದ್ದು ಈ ಸಲ ಜೂನ್‌ನಲ್ಲೇ ದಾಟಿದರೆ ಬೇಗ ಬಂತು ಅಂತ ಅರ್ಥ. 2020, 2021 ಅನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಕೋವಿಡ್ ಲಾಕ್‌ಡೌನ್, ಮಾಸ್ಕ್‌ನಿಂದ ಆಗ ಫ್ಲೂ ತುಂಬಾ ಕಡಿಮೆಯಾಗಿತ್ತು. ಸೇರಿಸಿದರೆ ಗೆರೆ ಕೆಳಗೆ ಬಿದ್ದು ಪ್ರತಿ ವರ್ಷ ಸುಳ್ಳು ಎಚ್ಚರಿಕೆ ಬರುತ್ತದೆ.

ಎಲ್ಲಕ್ಕಿಂತ ನನ್ನ ಎದೆ ಬಡಿದುಕೊಳ್ಳುವುದು ಇನ್ನೊಂದಕ್ಕೆ. ಫ್ಲೂ ಎ ಅಂತ ಬರುತ್ತದೆ, ಆದರೆ ಎಚ್1ಎನ್1 ಅಲ್ಲ, ಎಚ್3ಎನ್2ವೂ ಅಲ್ಲ. ಬಹಳ ಸಲ ಸ್ವಾಬ್‌ನಲ್ಲಿ ವೈರಸ್ ತೀರಾ ಕಡಿಮೆ ಇರುವುದೇ ಕಾರಣ. ಪಿಸಿಆರ್‌ನಲ್ಲಿ ವೈರಸ್‌ನ ಅಂಶವನ್ನು ಸುತ್ತು ಸುತ್ತಾಗಿ ಹೆಚ್ಚಿಸುತ್ತೇವೆ, ಇಂಥದ್ದು 36, 37ನೇ ಸುತ್ತಿಗೆ ತಡವಾಗಿ ಬಂದಿರುತ್ತದೆ. ಆದರೆ 22ನೇ ಸುತ್ತಿಗೇ ಚೆನ್ನಾಗಿ ಬಂದು ಎರಡೂ ಅಲ್ಲ ಅಂದರೆ, ಅದು ಹಕ್ಕಿಜ್ವರದಂಥ ಬೇರೆ ವೈರಸ್ ಇರಬಹುದು. ಅಂಥದ್ದು ತಕ್ಷಣ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿಗೆ ಹೋಗಬೇಕು. ಒಂದೇ ಉಪಜಾತಿಯಲ್ಲೂ ತಳಿ ಬದಲಾಗಿದೆಯಾ ಅಂತ ಸೀಕ್ವೆನ್ಸಿಂಗ್ ಮಾಡಿ ನೋಡುವುದೂ ಇಂಥ ದೊಡ್ಡ ಲ್ಯಾಬ್‌ಗಳೇ. ಅದಕ್ಕೆ ವಾರಗಟ್ಟಲೆ ಬೇಕು. ಜಗತ್ತಿನ ಎಲ್ಲ ಕಡೆಯ ಈ ಮಾಹಿತಿ ಇಟ್ಟುಕೊಂಡೇ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಲಸಿಕೆಗೆ ಯಾವ ತಳಿ ಹಾಕಬೇಕು ಅಂತ ಹೇಳುತ್ತದೆ.

ಲ್ಯಾಬ್ ಟೆಕ್ನಿಷಿಯನ್, ಹೊಸನಗರ ತಾಲೂಕು:
ಗೆರೆ ಇಡೀ ರಾಜ್ಯಕ್ಕೆ ಒಂದೇ ಆದರೆ ನಮಗೆ ಏನು ಉಪಯೋಗ? ದಾವಣಗೆರೆ ಕಡೆ ಮಳೆಯೇ ಇಲ್ಲದಾಗ ಇಲ್ಲಿ ಹೊಳೆ ತುಂಬಿ ಹರಿಯುತ್ತಿರುತ್ತೆ. ಮಲೆನಾಡಿಗೇ ಬೇರೆ ಗೆರೆ ಬೇಕು.

ಮೈಕ್ರೋಬಯಾಲಜಿಸ್ಟ್, ಶಿವಮೊಗ್ಗ:
ಬೇಕು ಅಂತ ನನಗೂ ಅನಿಸುತ್ತದೆ. ಆದರೆ ವಾರಕ್ಕೆ 10 ಸ್ವಾಬ್‌ನಲ್ಲಿ ಒಂದು ಪಾಸಿಟಿವ್ ಹೆಚ್ಚಾದರೆ ಶೇಕಡ 10 ಏರಿದಂತೆ ಕಾಣುತ್ತದೆ. ಅಷ್ಟರಲ್ಲಿ ಗೆರೆ ಎಳೆದರೆ ಅದನ್ನು ನಂಬಲು ಆಗುವುದಿಲ್ಲ. ನಾಲ್ಕೈದು ಮಲೆನಾಡು ತಾಲೂಕು ಸೇರಿಸಿ, ಅದೇ ನಿಯಮದಲ್ಲಿ ಐದು ವರ್ಷ ತಗೊಂಡರೆ ಆಗಬಹುದು.

ಲ್ಯಾಬ್ ಟೆಕ್ನಿಷಿಯನ್, ಹೊಸನಗರ ತಾಲೂಕು:
ಐದು ವರ್ಷ ಒಂದೇ ಕಡೆ ಸಿಬ್ಬಂದಿ ಇದ್ದರೆ ತಾನೇ ಮೇಡಂ. ನನ್ನದೇ ಕಾಂಟ್ರ್ಯಾಕ್ಟ್ ಮಾರ್ಚ್‌ಗೆ ಮುಗಿಯುತ್ತೆ.

ಹೈಸ್ಕೂಲ್ ಮೇಷ್ಟ್ರು:
ನಮ್ಮ ಹಾಜರಿ ಪುಸ್ತಕ ಇಪ್ಪತ್ತು ವರ್ಷದ್ದು ಇದೆ. ಅದರಿಂದ ಏನಾದರೂ ಆಗುತ್ತಾ?

ಮೈಕ್ರೋಬಯಾಲಜಿಸ್ಟ್, ಶಿವಮೊಗ್ಗ:
ಹಳೆಯದರಲ್ಲಿ ಯಾಕೆ ಬರಲಿಲ್ಲ ಅಂತ ಬರೆದಿರುವುದಿಲ್ಲ, ಮದುವೆಗೆ ಹೋದವರೂ ಅದರಲ್ಲಿ ಇರುತ್ತಾರೆ. ಇನ್ನು ಮುಂದೆ ಜ್ವರ ಮತ್ತು ಕೆಮ್ಮು ಎರಡೂ ಇದ್ದು ಬರದ ಮಕ್ಕಳ ಹೆಸರಿನ ಮುಂದೆ ಒಂದು ಗುರುತು ಹಾಕಿ. ಶನಿವಾರ ಎಣಿಸಿ, ಆ ವಾರ ಶಾಲೆ ಎಷ್ಟು ದಿನ ತೆರೆದಿತ್ತು ಅನ್ನುವುದನ್ನೂ ಪಕ್ಕದಲ್ಲೇ ಬರೆದು ನಿಮ್ಮ ಪಿಎಚ್‌ಸಿಗೆ ಕೊಡಿ.