ಡ್ಯಾಶ್‌ಬೋರ್ಡ್‌ನಲ್ಲಿ ಮೂಲ ಹಾಕಿದ್ದರೂ "ಲೈಸೆನ್ಸ್ ಷರತ್ತು ಪಾಲಿಸಿಲ್ಲ" ಅಂತ ಮೇಲ್ ಬಂದಿದೆ

ಕೋಥ್ರುಡ್ ಕನ್ನಡಿಗ:
ನಮಸ್ಕಾರ. ಪುಣೆಯ ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಡ್ಯಾಶ್‌ಬೋರ್ಡ್ ಮಾಡಿದ್ದೇನೆ. ಯಾರು ಬೇಕಾದರೂ ನೋಡಬಹುದು. ಎಲ್ಲಾ ಸರ್ಕಾರದ ಓಪನ್ ಡೇಟಾ, ಗಂಟೆಗೊಮ್ಮೆ ತಾನಾಗಿಯೇ ಬದಲಾಗುತ್ತದೆ. ಈಗ ಒಂದು ಕಚೇರಿಯಿಂದ ಮೇಲ್ ಬಂದಿದೆ. ಮೂಲ ಸರಿಯಾಗಿ ಹಾಕಿಲ್ಲವಂತೆ, ದಿನಾಂಕ ತಪ್ಪಂತೆ, ಲೈಸೆನ್ಸ್ ಪ್ರಕಾರ ಸರಿಪಡಿಸಬೇಕಂತೆ. ಪುಟದ ಕೆಳಗೆ ಮೂಲ ಹಾಕಿದ್ದೇನೆ! ಇನ್ನೇನು ಬೇಕು ಇವರಿಗೆ? ಬಿಟ್ಟಿ ಕೆಲಸ ಮಾಡಿ ಬೈಸಿಕೊಳ್ಳಬೇಕಾ?

ಡೊಂಬಿವಲಿ ಶೆಟ್ರು:
ದಿನಾಂಕ ತಪ್ಪು ಅಂದ್ರೆ ಟೈಮ್‌ಝೋನ್, ಅಷ್ಟೇ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಓಡಿಸ್ತಿದ್ದೀರಿ ಅಲ್ವಾ? ಅಲ್ಲಿನ ಗಡಿಯಾರ ಯುಟಿಸಿ. ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ ನೋಡಿದರೆ ನಿನ್ನೆಯ ತಾರೀಕು ಕಾಣುತ್ತದೆ. ಅದನ್ನು ಸರಿ ಮಾಡಿ, ಮೇಲ್‌ಗೆ ಉತ್ತರ ಹಾಕಿ, ಮುಗೀತು.

ಹಡಪ್ಸರ್ ಹುಡುಗ:
ಮುಗೀತು ಅಂತ ನಾನೂ ಹೇಳ್ತೀನಿ, ಬೇರೆ ಕಾರಣಕ್ಕೆ. ಬರೀ ಅಂಕಿಗೆ ಕಾಪಿರೈಟ್ ಇಲ್ಲ ಗುರು. ಸುಪ್ರೀಂ ಕೋರ್ಟ್ ಈಸ್ಟರ್ನ್ ಬುಕ್ ಕಂಪನಿ ಕೇಸ್‌ನಲ್ಲಿ 2007ರಲ್ಲೇ ಹೇಳಿದೆ, ಶ್ರಮ ಪಟ್ಟು ಕೂಡಿಸಿದರೆ ಸಾಲದು, ಸ್ವಲ್ಪವಾದರೂ ಸ್ವಂತಿಕೆ ಬೇಕು ಅಂತ. ಪಿಎಂ 2.5 ಎಷ್ಟಿದೆ ಅನ್ನೋದರಲ್ಲಿ ಏನು ಸ್ವಂತಿಕೆ? ಮೇಲ್ ಅಳಿಸಿ ಆರಾಮಾಗಿರಿ.

ಸುಧಾ ಮಾಟುಂಗಾ:
ಅಳಿಸಬೇಡಿ. ತೀರ್ಪಿನ ಮಾತು ನಿಜ, ಆದರೆ ಎಪಿಐ ಕೀ ಪಡೆಯುವಾಗ ಪೋರ್ಟಲ್‌ನ ನಿಯಮಗಳಿಗೂ ಒಪ್ಪಿರುತ್ತೀರಿ. ಅದು ಕಾಪಿರೈಟ್‌ಗಿಂತ ಬೇರೆ ವಿಷಯ. ಕೋಥ್ರುಡ್‌ನವರೇ, ಮೊದಲು ಮೂರು ವಿಷಯ ಹೇಳಿ. ಡೇಟಾ ಎಲ್ಲಿಂದ ಎಳೆಯುತ್ತೀರಿ? ಕೆಳಗೆ ಬರೆದ ಸಾಲು ಅಕ್ಷರಶಃ ಏನು? ಪುಟದಲ್ಲಿ ಬೇರೆ ಏನೇನಿದೆ?

ವಾಸ್ಕೋ ನಾಯಕ:
ಸರ್ಕಾರದ ಡೇಟಾ ಯಾಕೆ ಬೇಕು ಮಾರಾಯ್ರೆ? ನಾನು ಬಾಲ್ಕನಿಯಲ್ಲಿ ಪಿಎಂಎಸ್ 5003 ಸೆನ್ಸರ್, ರಾಸ್ಪ್‌ಬೆರಿ ಪೈ ಕೂರಿಸಿದ್ದೇನೆ. ನನ್ನದೇ ಡೇಟಾ, ಯಾರ ಲೈಸೆನ್ಸೂ ಇಲ್ಲ. ಮಳೆಗಾಲದಲ್ಲಿ ಮಾತ್ರ ತೇವಕ್ಕೆ ಅಂಕಿ ಜಾಸ್ತಿ ತೋರಿಸುತ್ತದೆ. ಡಬ್ಬಿಯ ಫೋಟೋ ಬೇಕಾದರೆ ಹಾಕ್ತೇನೆ.

ಕೋಥ್ರುಡ್ ಕನ್ನಡಿಗ:
ಸುಧಾ ಮೇಡಂ, `data.gov.in` ಎಪಿಐ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕುವ ಗಾಳಿ ಸೂಚ್ಯಂಕದ ಸೆಟ್. ಕೆಳಗಿನ ಸಾಲು "ಮಾಹಿತಿ: ಭಾರತ ಸರ್ಕಾರ. ಕೊನೆಯ ಅಪ್‌ಡೇಟ್:", ಮುಂದೆ ಸಮಯ. ಪಕ್ಕದಲ್ಲಿ ಮಂಡಳಿಯ ಲೋಗೋ, ನೋಡೋಕೆ ಚೆನ್ನಾಗಿರಲಿ ಅಂತ. ಒಂದು ಸಿಎಸ್‌ವಿ ಡೌನ್‌ಲೋಡ್ ಬಟನ್ ಇದೆ. ನಿಲ್ದಾಣದ ಹೆಸರು ಉದ್ದ ಅಂತ ಬಾಲ ಕತ್ತರಿಸಿದ್ದೇನೆ. ಇದೆಲ್ಲಾ ಮುಖ್ಯಾನಾ?

ಸುಧಾ ಮಾಟುಂಗಾ:
ಅದೇ ಮುಖ್ಯ. ಆ ಪೋರ್ಟಲ್‌ನ ಡೇಟಾಗೆ ಅನ್ವಯಿಸೋದು 2017ರಲ್ಲಿ ಪ್ರಕಟವಾದ ಜಿಒಡಿಎಲ್, ಅಂದರೆ ಸರ್ಕಾರದ ಓಪನ್ ಡೇಟಾ ಲೈಸೆನ್ಸ್. ಅದು ಕೇಳೋದು ಜಾಸ್ತಿ ಏನಿಲ್ಲ. ಡೇಟಾ ಕೊಟ್ಟವರು ಯಾರು, ಎಲ್ಲಿಂದ ಸಿಕ್ಕಿತು, ಯಾವ ಲೈಸೆನ್ಸ್ ಅಂತ ಹೇಳಬೇಕು, ಡೇಟಾದ ಕೊಂಡಿಯನ್ನೂ ಕೊಡಬೇಕು. "ಭಾರತ ಸರ್ಕಾರ" ಅಂದರೆ ಕೊಟ್ಟವರ ಹೆಸರು ಹೇಳಿದ ಹಾಗಾಗಲಿಲ್ಲ. ಕೊಂಡಿ ಇಲ್ಲ, ಲೈಸೆನ್ಸ್ ಹೆಸರೂ ಇಲ್ಲ.

ಲೋಗೋ ಈಗಲೇ ತೆಗೆಯಿರಿ. ಲೋಗೋ, ಲಾಂಛನಗಳು ಆ ಲೈಸೆನ್ಸ್‌ನ ಹೊರಗೆ. ಅದೂ ಅಲ್ಲದೆ, ಮಂಡಳಿ ನಿಮ್ಮ ಪುಟಕ್ಕೆ ಒಪ್ಪಿಗೆ ಕೊಟ್ಟಿದೆ ಅನ್ನಿಸುವ ಹಾಗೆ ಏನನ್ನೂ ತೋರಿಸಬಾರದು ಅಂತ ಬೇರೆ ಷರತ್ತೇ ಇದೆ.

ಇನ್ನು ಆ "ಕೊನೆಯ ಅಪ್‌ಡೇಟ್" ಯಾವ ಸಮಯ? ಪುಟ ತಯಾರಾದದ್ದೋ, ಡೇಟಾದೊಳಗಿನ `last_update`ಓ?

ಡೊಂಬಿವಲಿ ಶೆಟ್ರು:
ನಾನು ಹೇಳ್ತಾನೇ ಇದ್ದೇನೆ, ಯುಟಿಸಿ. `TZ=Asia/Kolkata` ಹಾಕಿ ನೋಡಿ.

ಕೋಥ್ರುಡ್ ಕನ್ನಡಿಗ:
ಹಾಕಿದೆ ಶೆಟ್ರೇ. ಗಂಟೆ ಸರಿಯಾಯಿತು. ಆದರೆ ಸಮಯ `datetime.now()`ದಿಂದ ಬರುತ್ತಿದೆ, ಪುಟ ತಯಾರಾದ ಹೊತ್ತು. ಅದರಲ್ಲೇನು ತಪ್ಪು? ಗಂಟೆಗೊಮ್ಮೆ ತಯಾರಾಗುತ್ತೆ.

ಸುಧಾ ಮಾಟುಂಗಾ:
ಎಪಿಐ ಉತ್ತರ ಕೊಡದಿದ್ದರೆ ನಿಮ್ಮ ಸ್ಕ್ರಿಪ್ಟ್ ಏನು ಮಾಡುತ್ತದೆ? ಹಳೆಯ ಜೇಸನ್ ಫೈಲ್‌ನಿಂದಲೇ ಪುಟ ಕಟ್ಟುತ್ತದೆ ಅಲ್ವಾ? ಆಗ ಭಾನುವಾರದ ಅಂಕಿಗೆ ಮಂಗಳವಾರದ ಮೊಹರು ಬೀಳುತ್ತದೆ. ಮಂಡಳಿ ಮಂಗಳವಾರ ಹೇಳದ ಅಂಕಿಯನ್ನು ಅದರ ಹೆಸರಲ್ಲಿ ನೀವು ಹೇಳಿದ ಹಾಗಾಯಿತು. ಹೊಸ ಡೇಟಾ ಬರುತ್ತಲೇ ಇರುತ್ತದೆ ಅಂತ ಲೈಸೆನ್ಸ್ ಭರವಸೆ ಕೊಡೋದಿಲ್ಲ. ನಿಂತುಹೋದರೆ ನಿಂತಿದೆ ಅಂತ ತೋರಿಸೋದು ನಿಮ್ಮ ಕೆಲಸ. ಎರಡು ಸಮಯ ಬೇರೆ ಬೇರೆ ತೋರಿಸಿ: ಮೂಲದ ಸಮಯ, ನೀವು ಎಳೆದ ಸಮಯ. ಮೂಲದ್ದು ಮೂರು ಗಂಟೆಗಿಂತ ಹಳೆಯದಾದರೆ ಅಂಕಿಯ ಬಣ್ಣವನ್ನು ಬೂದು ಮಾಡಿ. ಆ ಮೂರು ಗಂಟೆ ನನ್ನ ಅಂದಾಜು, ಲೈಸೆನ್ಸ್‌ನಲ್ಲಿ ಇಲ್ಲ.

ಕೋಥ್ರುಡ್ ಕನ್ನಡಿಗ:
`last_update` ಹಾಕಿದೆ. ಈಗ ಮಾರ್ಚ್ ತಿಂಗಳಲ್ಲಿ "ಮೇ 3" ಅಂತ ತೋರಿಸುತ್ತಿದೆ! ಫೆಬ್ರವರಿ ಕೊನೆಯ ಹಳೆ ಫೈಲ್ ಕೊಟ್ಟರೆ ಸರಿ ಬರುತ್ತದೆ. ತಲೆ ಕೆಟ್ಟುಹೋಯ್ತು.

ಡೊಂಬಿವಲಿ ಶೆಟ್ರು:
ಟೈಮ್‌ಝೋನ್ ಎರಡು ಸಲ ಸೇರಿಸಿದ್ದೀರೇನೋ.

ಸುಧಾ ಮಾಟುಂಗಾ:
ಶೆಟ್ರೇ, ಐದೂವರೆ ಗಂಟೆ ಎರಡು ಸಲ ಸೇರಿಸಿದರೂ ಎರಡು ತಿಂಗಳು ಆಗೋದಿಲ್ಲ! ಮೂಲದಲ್ಲಿ ದಿನ ಮೊದಲು, ತಿಂಗಳು ಆಮೇಲೆ. `05-03` ಅನ್ನು ಪಾಂಡಾಸ್ ಅಮೆರಿಕದ ರೀತಿಯಲ್ಲಿ ಮೇ 3 ಅಂತ ಓದುತ್ತದೆ. ತಿಂಗಳ 13ರಿಂದ ಮುಂದೆ ಹಾಗೆ ಓದಲು ಆಗೋದಿಲ್ಲ, ಅದಕ್ಕೇ ತಿಂಗಳ ಕೊನೆಯ ಫೈಲ್ ಸರಿ ಕಾಣುತ್ತದೆ. ಊಹೆಗೆ ಬಿಡದೆ ಹೇಳಿಬಿಡಿ:

```python
t = pd.to_datetime(df["last_update"],
                   format="%d-%m-%Y %H:%M:%S")
```

ಸಿಎಸ್‌ವಿ ಬಗ್ಗೆಯೂ ಒಂದು ಮಾತು. ಅದನ್ನು ಇಳಿಸಿಕೊಂಡವರಿಗೆ ನಿಮ್ಮ ಪುಟದ ಕೆಳಗಿನ ಸಾಲು ಸಿಗೋದಿಲ್ಲ. ಪ್ರತಿ ಸಾಲಲ್ಲೂ `source`, `source_url`, `licence`, `last_update` ಕಾಲಂ ಇರಲಿ. ಫೈಲ್‌ನ ತಲೆಯಲ್ಲಿ `#` ಹಾಕಿ ಬರೆಯುವವರಿದ್ದಾರೆ, ಎಕ್ಸೆಲ್‌ನಲ್ಲಿ ತೆರೆದವರು ಮೊದಲು ಅಳಿಸೋದೇ ಅದನ್ನು. ನಿಲ್ದಾಣದ ಹೆಸರಿನ ಬಾಲವನ್ನೂ ವಾಪಸ್ ಹಾಕಿ. `Karve Road, Pune - MPCB`, `Bhosari, Pune - IITM`: ಯಂತ್ರ ನಡೆಸುವವರು ಯಾರು ಅನ್ನೋದು ಆ ಬಾಲದಲ್ಲಿದೆ. ಲೈಸೆನ್ಸ್ ಅದನ್ನು ನೇರವಾಗಿ ಕೇಳೋದಿಲ್ಲ. ಆದರೆ ಒಂದು ಅಂಕಿಯ ಬಗ್ಗೆ ಅನುಮಾನ ಬಂದಾಗ ಯಾರನ್ನು ಕೇಳಬೇಕು ಅಂತ ಗೊತ್ತಾಗೋದು ಅಲ್ಲಿಂದಲೇ.

ಹಡಪ್ಸರ್ ಹುಡುಗ:
ಒಬ್ಬ ಹವ್ಯಾಸಿಗೆ ಇಷ್ಟೆಲ್ಲಾ ಹೊರೆ ಹಾಕಿದರೆ ಯಾರು ಡ್ಯಾಶ್‌ಬೋರ್ಡ್ ಮಾಡ್ತಾರೆ ಮೇಡಂ?

ಸುಧಾ ಮಾಟುಂಗಾ:
ನಾಲ್ಕು ಕಾಲಂ ಹೊರೆನಾ? ಡೇಟಾ ತುಂಬಾ ಮೂಲಗಳಿಂದ ಬಂದಿದ್ದರೆ ಎಲ್ಲವನ್ನೂ ಬೇರೆ ಪುಟದಲ್ಲಿ ಬರೆದು ಕೊಂಡಿ ಕೊಡಬಹುದು, ಅದಕ್ಕೂ ಲೈಸೆನ್ಸ್‌ನಲ್ಲೇ ದಾರಿ ಇದೆ.

ಕೋಥ್ರುಡ್ ಕನ್ನಡಿಗ:
ಲೋಗೋ ಹೋಯಿತು, ದಿನಾಂಕ ಸರಿಯಾಯಿತು, ಕಾಲಂ ಸೇರಿಸಿದೆ. ಮೇಲ್‌ಗೆ ಉತ್ತರ ಕಳಿಸಿದ್ದೇನೆ, ಅವರಿಂದ ಸದ್ದಿಲ್ಲ. ಅಂದಹಾಗೆ, ಸಿಎಸ್‌ವಿಯಲ್ಲಿ ವಾರ್ಡ್ ಹೆಸರಿನ ಕಾಲಂ ಕೂಡ ಇದೆ. ನಿಲ್ದಾಣ ಯಾವ ವಾರ್ಡ್‌ನಲ್ಲಿದೆ ಅಂತ ಓಪನ್‌ಸ್ಟ್ರೀಟ್‌ಮ್ಯಾಪ್ ಗಡಿಗಳಿಂದ ಲೆಕ್ಕ ಹಾಕಿದ್ದು. ಅದಕ್ಕೇನೂ ಬೇಡ ಅಲ್ವಾ?

ಸುಧಾ ಮಾಟುಂಗಾ:
ಇದನ್ನು ಮೊದಲೇ ಹೇಳಬಾರದಿತ್ತಾ! ಅದು ಓಡಿಬಿಎಲ್, ಬೇರೆಯದೇ ಲೈಸೆನ್ಸ್. `© OpenStreetMap contributors` ಅಂತ ಹಾಕಿ, `openstreetmap.org/copyright`ಗೆ ಕೊಂಡಿ ಕೊಡಲೇಬೇಕು. ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಡೇಟಾದಿಂದ ಹುಟ್ಟಿದ ಹೊಸ ಡೇಟಾಬೇಸನ್ನು ಹಂಚಿದರೆ ಅದನ್ನೂ ಓಡಿಬಿಎಲ್ ಅಡಿಯಲ್ಲೇ ಹಂಚಬೇಕು. ಬರೀ ವಾರ್ಡ್ ಹೆಸರಿನ ಕಾಲಂ ಹಾಗೆ ಹುಟ್ಟಿದ್ದು ಅಂತ ನಾನು ಹಿಡಿಯುತ್ತೇನೆ.

ಹಡಪ್ಸರ್ ಹುಡುಗ:
ನಾನು ಒಪ್ಪಲ್ಲ. ಗಡಿಯ ಒಂದು ಬಿಂದುವೂ ಫೈಲ್‌ನಲ್ಲಿಲ್ಲ. ಸಿಕ್ಕಿದ್ದು ಕೆಲವೇ ವಾರ್ಡ್ ಹೆಸರು. ಅಷ್ಟಕ್ಕೆ ಇಡೀ ಸಿಎಸ್‌ವಿ ಲೈಸೆನ್ಸ್ ಬದಲಾಗಬೇಕಾ?

ಸುಧಾ ಮಾಟುಂಗಾ:
ಚಿಕ್ಕ ಭಾಗ ಅನ್ನೋದು ನಿಮ್ಮ ಕಡೆಯ ಒಳ್ಳೆಯ ವಾದ, ಒಪ್ಪಿದೆ. ನಿಲ್ದಾಣಗಳು ಹೆಚ್ಚಾದ ಹಾಗೆ ಆ ವಾದದ ಬಲ ಕಡಿಮೆಯಾಗುತ್ತದೆ. ಸದ್ಯಕ್ಕೆ ವಾರ್ಡ್ ಕಾಲಂ ಬೇರೆ ಫೈಲ್‌ನಲ್ಲಿ ಕೊಡಿ, ಅದರ ಲೈಸೆನ್ಸ್ ಅದಕ್ಕೆ.

ಕೋಥ್ರುಡ್ ಕನ್ನಡಿಗ:
ಬೇರೆ ಫೈಲ್ ಅಂದರೆ ಚಾರ್ಟ್ ಕೋಡ್ ಪೂರ್ತಿ ಬದಲಾಯಿಸಬೇಕು. ಪಾಲಿಕೆ ತನ್ನ ವಾರ್ಡ್ ಗಡಿಗಳನ್ನು ಓಪನ್ ಲೈಸೆನ್ಸ್‌ನಲ್ಲಿ ಕೊಟ್ಟಿದೆಯಾ? ಯಾರಾದರೂ ಬಳಸಿದ್ದೀರಾ?

ವಾಸ್ಕೋ ನಾಯಕ:
ಡಬ್ಬಿಯ ಫೋಟೋ ಹಾಕಿದ್ದೇನೆ, ಫ್ಯಾನ್ ಇರುವ ಕಡೆ ನೋಡಿ. ಅಲ್ಲಿ ಜೇಡ ಗೂಡು ಕಟ್ಟುತ್ತಿದೆ, ಏನು ಮಾಡಬೇಕು?