ಮಾರಾಟ ನಿಂತಿದೆ: ಬೆಲೆ ಇಳಿಸೋದಾ, ಅಂಗಡಿ ಹೆಚ್ಚಿಸೋದಾ?

ಕೇಳಿದವರು: ನಮ್ಮ ಎಲೆಕ್ಟ್ರಿಕ್ ಕೆಟಲ್ ಎರಡು ವರ್ಷ ಚೆನ್ನಾಗಿ ಓಡಿತು. ಈಗ ಆರು ತಿಂಗಳಿಂದ ಮಾರಾಟ ಏರುತ್ತಿಲ್ಲ. ಬೆಲೆ ಇಳಿಸಬೇಕಾ, ಜಾಹೀರಾತು ಜಾಸ್ತಿ ಮಾಡಬೇಕಾ, ಇನ್ನಷ್ಟು ಅಂಗಡಿಗೆ ಹೋಗಬೇಕಾ?

ಸಣ್ಣ ಉದ್ಯಮಿ: ಹೊಸತರಲ್ಲಿ ದುಬಾರಿ, ಆಮೇಲೆ ಅಗ್ಗ, ಇದೇ ದಾರಿ. 2007ರಲ್ಲಿ ಆಪಲ್ ಕೂಡ 599 ಡಾಲರ್‌ನ ಐಫೋನನ್ನು ಬಿಡುಗಡೆಯಾದ ಎರಡೂವರೆ ತಿಂಗಳೊಳಗೇ 399ಕ್ಕೆ ಇಳಿಸಿತು. ನೀವೂ ಶೇ. 10 ಇಳಿಸಿ ನೋಡಿ.

ವಿತರಣೆ ವಿಭಾಗದವರು: ಆ ಉದಾಹರಣೆ ಇಲ್ಲಿಗೆ ಹೊಂದಲ್ಲ. ಆಗ ಐಫೋನ್ ಕೊಳ್ಳದವರೇ ಜಾಸ್ತಿ ಇದ್ದರು, ಬೆಲೆ ಇಳಿದರೆ ಹೊಸಬರು ಬರುತ್ತಿದ್ದರು. ಆದರೂ ಮೊದಲೇ ಕೊಂಡವರು ಸಿಟ್ಟಾದರು, ಅವರಿಗೆ 100 ಡಾಲರ್‌ನ ಕ್ರೆಡಿಟ್ ಕೊಡಬೇಕಾಯಿತು. ಮಾರುಕಟ್ಟೆ ತುಂಬಿದ ಮೇಲೆ ಬೆಲೆ ಇಳಿಸಿದರೆ ಎದುರಾಳಿಯೂ ಇಳಿಸುತ್ತಾನೆ, ಅಷ್ಟೇ. 100ಕ್ಕೆ ಮಾರುವ ವಸ್ತುವಿನಲ್ಲಿ 30 ಉಳಿಯುತ್ತದೆ ಅಂದುಕೊಳ್ಳಿ. ಬೆಲೆ 90 ಮಾಡಿದರೆ ಉಳಿಯೋದು 20. ಮೊದಲಿನಷ್ಟೇ ಲಾಭ ಬರಬೇಕಾದರೆ ಒಂದೂವರೆ ಪಟ್ಟು ಮಾರಬೇಕು.

ಅದಕ್ಕೂ ಮೊದಲು ಒಂದು ಅನುಮಾನ. ನೀವು ಹೇಳುವ ಮಾರಾಟ ಯಾವುದು? ಅಂಗಡಿಗೆ ಹೋದದ್ದಾ, ಗ್ರಾಹಕರ ಕೈ ಸೇರಿದ್ದಾ? ತಿಂಗಳಿಗೆ 100 ಹೊಸ ಅಂಗಡಿ ಸೇರಿ, ಒಂದೊಂದೂ 12 ಕೆಟಲ್ ತುಂಬಿಸಿಕೊಂಡರೆ 1,200ರ ಬಿಲ್ ಆಯಿತು. ಅದು ಶೆಲ್ಫ್ ತುಂಬಿದ್ದು, ಬೇಡಿಕೆ ಅಲ್ಲ. ಹೊಸ ಅಂಗಡಿ ಸೇರೋದು ನಿಂತ ತಿಂಗಳೇ ಆ 1,200 ಮಾಯ. ಬೆಳವಣಿಗೆಯ ಹಂತದಲ್ಲಿ ಎಲ್ಲರೂ ಇಲ್ಲೇ ಮೋಸ ಹೋಗೋದು.

ಹಾಗಾಗಿ ಒಂದು ಅಂಗಡಿಯಲ್ಲಿ ಎಷ್ಟು ಹೋಗುತ್ತದೆ ನೋಡಿ. ಹಳೇ ಅಂಗಡಿಗಳಲ್ಲಿ ಮೊದಲಿನಷ್ಟೇ ಹೋಗುತ್ತಿದ್ದರೆ ಇನ್ನೂ ಅಂಗಡಿ ಸೇರಿಸಲು ಜಾಗ ಇದೆ. ಅಲ್ಲೂ ಇಳಿದು, ಬೇರೆ ಬ್ರ್ಯಾಂಡ್‌ಗಳೂ ನಿಂತಿದ್ದರೆ ಮಾರುಕಟ್ಟೆಯೇ ತುಂಬಿದೆ. ನಿಮ್ಮದೊಂದೇ ಇಳಿದಿದ್ದರೆ ಎದುರಾಳಿ ಕಿತ್ತುಕೊಳ್ಳುತ್ತಿದ್ದಾನೆ.

ಜಾಹೀರಾತು ನೋಡುವವರು: ವಾರಂಟಿ ನೋಂದಣಿಯಲ್ಲಿ 'ಇದು ನಿಮ್ಮ ಮೊದಲ ಕೆಟಲ್ಲಾ?' ಅಂತ ಒಂದು ಪ್ರಶ್ನೆ ಸೇರಿಸಿ. ಬಹುಪಾಲು ಜನ 'ಹಳೆಯದು ಕೆಟ್ಟಿತು' ಅಂದರೆ ಕೆಟಲ್ ಯಾಕೆ ಬೇಕು ಅಂತ ಹೇಳುವ ಜಾಹೀರಾತು ದಂಡ. ನಿಮ್ಮದೇ ಯಾಕೆ ಅಂತ ಹೇಳಬೇಕು. ನೋಂದಾಯಿಸುವವರು ಕಡಿಮೆ ಅನ್ನೋದೂ ನೆನಪಿರಲಿ.

ಇನ್ನೊಬ್ಬರು: ನಮ್ಮ ಹಳೇ ಮಾಡೆಲ್ ಕೇಳುವವರೇ ಇಲ್ಲ. ಜಾಹೀರಾತು ಕೊಟ್ಟರೆ ಎದ್ದೀತಾ?

ವಿತರಣೆ ವಿಭಾಗದವರು: ನಿಮ್ಮದು ಬೇರೆ ಹಂತ. ಜಾಹೀರಾತು ನಿಲ್ಲಿಸಿ, ಸರಕು ಓಡುವ ಅಂಗಡಿಗಳನ್ನಷ್ಟೇ ಉಳಿಸಿಕೊಳ್ಳಿ. ಅದನ್ನೇ ಕೇಳಿಕೊಂಡು ಬರುವ ಗಿರಾಕಿ ಇದ್ದರೆ ಬೆಲೆ ಇಳಿಸೋದೂ ಬೇಡ. ಬಿಡಿಭಾಗ ಮಾತ್ರ ನಿಲ್ಲಿಸಬೇಡಿ.

ಸಣ್ಣ ಉದ್ಯಮಿ: ಎಲ್ಲ ಸರಿ, ಆದರೆ ಎದುರಾಳಿ ಈಗಾಗಲೇ ಇಳಿಸಿದ್ದರೆ ಸುಮ್ನೆ ಕೂರೋಕಾಗುತ್ತಾ?

ಕೇಳಿದವರು: ಇಳಿಸಿದ್ದಾರೆ, ಒಬ್ಬರು. ಅಂಗಡಿಯಿಂದ ಗ್ರಾಹಕರಿಗೆ ಹೋದ ಲೆಕ್ಕ ನಮ್ಮ ಹತ್ರ ಇಲ್ಲ.

ವಿತರಣೆ ವಿಭಾಗದವರು: ದೊಡ್ಡದು, ಚಿಕ್ಕದು ಬೆರೆಸಿ 20 ಅಂಗಡಿ ಆರಿಸಿ. ತಿಂಗಳ ಮೊದಲ ದಿನ ಇದ್ದ ದಾಸ್ತಾನಿಗೆ ನೀವು ಕಳಿಸಿದ್ದನ್ನು ಕೂಡಿಸಿ, ಕೊನೆಯ ದಿನ ಉಳಿದದ್ದನ್ನು ಕಳೆಯಿರಿ. ಎರಡು ತಿಂಗಳ ಲೆಕ್ಕ ಇಲ್ಲಿ ಹಾಕಿ, ಬೆಲೆಯ ಮಾತು ಆಮೇಲೆ ಆಡೋಣ.